ನ್ಯೂಜೆರ್ಸಿಯಲ್ಲಿ ಸಾಕುನಾಯಿಯ ಪರವಾನಗಿ: ಲಸಿಕೆ ಪತ್ರದ ಕೊನೆಯ ದಿನಾಂಕ ನೋಡಿಕೊಳ್ಳಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಊರು ಬಿಟ್ಟು ಹೋಗುತ್ತಿರುವ ಗೆಳೆಯರಿಂದ ಎರಡು ವರ್ಷದ ನಾಯಿಯನ್ನು ಕಳೆದ ವಾರ ಮನೆಗೆ ತಂದೆವು. ಪುರಸಭೆಯ ಪರವಾನಗಿ ಬೇಕಂತೆ. ಶುಲ್ಕ ಎಷ್ಟು? ರೇಬೀಸ್ ಲಸಿಕೆ ಬರುವ ಸೆಪ್ಟೆಂಬರ್‌ವರೆಗೆ ಇದೆ, ಅಷ್ಟು ಸಾಕೇ?

ಬಹುಪಾಲು ಊರುಗಳಲ್ಲಿ ಸಾಲುವುದಿಲ್ಲ. ನಾನೂ ಸೆಪ್ಟೆಂಬರ್‌ನಲ್ಲಿ ಮುಗಿಯುವ ಲಸಿಕೆಯಿಂದಾಗಿಯೇ ಪುರಸಭೆಯಿಂದ ವಾಪಸು ಬಂದವಳು, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಚಿನ್ನಿಗೆ 2022ರ ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಲಸಿಕೆ ಹಾಕಿಸಿದ್ದೆವು. 2025ರ ಜನವರಿಯಲ್ಲಿ ಪರವಾನಗಿ ನವೀಕರಿಸಲು ಹೋದಾಗ ಲಸಿಕೆಗೆ ಇನ್ನೂ ಎಂಟು ತಿಂಗಳ ಆಯುಷ್ಯವಿತ್ತು. ಕಚೇರಿಯಲ್ಲಿದ್ದ ಹೆಂಗಸು ಪತ್ರದ ಕೆಳಗಿನ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು, ‘ಇದು ಅಕ್ಟೋಬರ್ ಕೊನೆಯವರೆಗಾದರೂ ಇರಬೇಕು’ ಎಂದರು. ರಾಜ್ಯದ ಕಾನೂನೇ ಹಾಗಿದೆ: ಪರವಾನಗಿಯ ಹನ್ನೆರಡು ತಿಂಗಳಲ್ಲಿ ಮೊದಲ ಹತ್ತು ತಿಂಗಳನ್ನು ಲಸಿಕೆ ಪೂರ್ತಿಯಾಗಿ ಕಾಯಬೇಕು. ಪುರಸಭೆ ಕಾಗದ ನೋಡುವುದು ವರ್ಷಕ್ಕೊಮ್ಮೆ ಮಾತ್ರ. ನಡುವೆ ಲಸಿಕೆಯ ಅವಧಿ ಮುಗಿದರೆ ಅದನ್ನು ಕೇಳುವವರಿರುವುದಿಲ್ಲ. ಹಾಗಾಗಿ ಈ ನಿಯಮ ಸರಿಯೆಂದೇ ನನ್ನ ಭಾವನೆ.

ಅನೇಕ ಊರುಗಳಲ್ಲಿ ಪರವಾನಗಿಯ ವರ್ಷ ಜನವರಿಯಿಂದ ಡಿಸೆಂಬರ್. ಆಗ ಅಕ್ಟೋಬರ್ 31 ಗಡಿ. ಕೆಲವು ಊರುಗಳ ವರ್ಷ ಬೇರೆ ತಿಂಗಳಲ್ಲಿ ಶುರುವಾಗುತ್ತದೆ, ನಿಮ್ಮ ಊರಿನದನ್ನು ಫೋನ್ ಮಾಡಿ ಕೇಳಿ, ಅಲ್ಲಿಂದ ಹತ್ತು ತಿಂಗಳು ಎಣಿಸಿ. ಸಾಲದಿದ್ದರೆ ಲಸಿಕೆಯನ್ನು ಅವಧಿಗೆ ಮುಂಚೆಯೇ ಮತ್ತೆ ಹಾಕಿಸಬೇಕು. ನಾವು ಅದೇ ವಾರ ಹಾಕಿಸಿದೆವು. ಹೊಸ ಲಸಿಕೆ 2028ರ ಜನವರಿವರೆಗೆ ನಡೆಯುವುದರಿಂದ 2025, 2026, 2027 ಮೂರೂ ವರ್ಷದ ಪರವಾನಗಿಗೆ ಅದೊಂದೇ ಸಾಕು. ಸೆಪ್ಟೆಂಬರ್‌ನಲ್ಲಿ ಹಾಕಿಸಿದ್ದು 2023 ಮತ್ತು 2024ಕ್ಕೆ ಮಾತ್ರ ಒದಗಿತ್ತು. ಅಂದರೆ ಜನವರಿಯಿಂದ ವರ್ಷ ಎಣಿಸುವ ಊರಿನಲ್ಲಿ ನವೆಂಬರ್, ಡಿಸೆಂಬರ್ ಅಥವಾ ಜನವರಿ ಆರಂಭದಲ್ಲಿ ಚುಚ್ಚಿಸಿದರೆ ಒಂದು ಲಸಿಕೆ ಮೂರು ಪರವಾನಗಿಗೆ ಬರುತ್ತದೆ. ಆದರೆ ಈಗಿರುವ ಲಸಿಕೆ ಆಗಸ್ಟ್‌ನಲ್ಲಿ ಮುಗಿಯುವುದಾದರೆ ನವೆಂಬರ್‌ವರೆಗೆ ಕಾಯಲೇಬೇಡಿ. ಲೆಕ್ಕ ಹಿಂದೆ ಸರಿಯಬಹುದು, ಮುಂದಕ್ಕೆ ಹೋಗಬಾರದು.

ಇನ್ನೊಂದು ಮಾತು. ನಾಯಿಯ ಜೀವನದ ಮೊದಲ ರೇಬೀಸ್ ಲಸಿಕೆಯನ್ನು, ಬಾಟಲಿಯ ಮೇಲೆ ಮೂರು ವರ್ಷ ಎಂದಿದ್ದರೂ, ಒಂದೇ ವರ್ಷಕ್ಕೆ ಲೆಕ್ಕ ಹಿಡಿಯುತ್ತಾರೆ. ಮೂರು ವರ್ಷ ಸಿಗುವುದು ಎರಡನೆಯದರಿಂದ. ನಿಮ್ಮ ಗೆಳೆಯರ ಬಳಿ ಹಳೆಯ ಪತ್ರಗಳಿದ್ದರೆ ಈಗಲೇ ಕೇಳಿ ಇಟ್ಟುಕೊಳ್ಳಿ. ಹಿಂದಿನ ಲಸಿಕೆಗೆ ದಾಖಲೆ ಇಲ್ಲದಿದ್ದರೆ ಹೊಸದನ್ನು ಮೊದಲನೆಯದೆಂದೇ ಪರಿಗಣಿಸಿ ಒಂದೇ ವರ್ಷಕ್ಕೆ ಬರೆದುಕೊಡುವ ಸಾಧ್ಯತೆ ಇದೆ.

ತೆಗೆದುಕೊಂಡು ಹೋಗಬೇಕಾದ್ದು ಪಶುವೈದ್ಯರ ಸಹಿಯಿರುವ ರೇಬೀಸ್ ಲಸಿಕೆ ಪ್ರಮಾಣಪತ್ರ. ಅದರಲ್ಲಿ ಲಸಿಕೆಯ ತಯಾರಕರು, ಕ್ರಮಸಂಖ್ಯೆ, ಹಾಕಿದ ದಿನ, ಅವಧಿ ಮುಗಿಯುವ ದಿನ ಇರುತ್ತವೆ. ಹಣ ಕಟ್ಟಿದ ರಸೀದಿಯಾಗಲಿ, ಆಸ್ಪತ್ರೆಯವರು ಕೊಡುವ ರೇಬೀಸ್ ಬಿಲ್ಲೆಯಾಗಲಿ ಅದರ ಬದಲಿಗೆ ನಡೆಯುವುದಿಲ್ಲ. ರಕ್ತದಲ್ಲಿ ರೇಬೀಸ್ ಪ್ರತಿಕಾಯಗಳಿವೆ ಎಂಬ ಪರೀಕ್ಷಾ ವರದಿಯೂ ಲಸಿಕೆಗೆ ಬದಲಿಯಲ್ಲ. ಕಾಯಿಲೆಯಿಂದ ಲಸಿಕೆ ಹಾಕಲಾಗದ ನಾಯಿಗೆ ವೈದ್ಯರು ವಿನಾಯಿತಿ ಪತ್ರ ಬರೆದುಕೊಡುತ್ತಾರೆ.

ಶುಲ್ಕದ ಮೂಲ ಮೊತ್ತವನ್ನು ಆಯಾ ಊರು ಕಾನೂನಿನ ಮಿತಿಯೊಳಗೆ ನಿಗದಿ ಮಾಡುತ್ತದೆ. ಅದರ ಮೇಲೆ ರಾಜ್ಯದ ಪಾಲು 1 ಡಾಲರ್ 20 ಸೆಂಟ್. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಇನ್ನೂ 3 ಡಾಲರ್. ಊರಿನ ಶುಲ್ಕ 10 ಡಾಲರ್ ಎಂದುಕೊಂಡರೆ, ಶಸ್ತ್ರಚಿಕಿತ್ಸೆಯಾದ ನಾಯಿಗೆ 11.20, ಆಗದ ನಾಯಿಗೆ 14.20. ಶಸ್ತ್ರಚಿಕಿತ್ಸೆಗೆ ಪುರಾವೆ ಕೇಳುತ್ತಾರೆ. ಲಸಿಕೆ ಪತ್ರದಲ್ಲಿ ಅದನ್ನು ಗುರುತು ಮಾಡುವ ಚೌಕವೊಂದಿರುತ್ತದೆ, ಅದು ಖಾಲಿ ಉಳಿದಿದ್ದರೆ ಆಸ್ಪತ್ರೆಯಲ್ಲೇ ತುಂಬಿಸಿಕೊಂಡು ಹೊರಡಿ.

ಗಡುವಿನ ಬಗ್ಗೆಯೂ ಎಚ್ಚರವಿರಲಿ. ಏಳು ತಿಂಗಳು ದಾಟಿದ ನಾಯಿಯನ್ನು ಮನೆಗೆ ತಂದರೆ 10 ದಿನದೊಳಗೆ ಅರ್ಜಿ ಹಾಕಬೇಕು, ನಿಮಗೆ ಆಗಲೇ ಒಂದು ವಾರ ಕಳೆದಿದೆ. ಹಣ ಹೊಂದಿಸುವುದು ಕಷ್ಟವಾದರೆ ಪುರಸಭೆಗೆ ಫೋನ್ ಮಾಡಿದಾಗಲೇ ಉಚಿತ ರೇಬೀಸ್ ಲಸಿಕೆ ಶಿಬಿರ ಯಾವಾಗ ಎಂದೂ ವಿಚಾರಿಸಿ. ಅನೇಕ ಊರುಗಳು ಅದನ್ನು ನಡೆಸುತ್ತವೆ.

ಪರವಾನಗಿಯ ಜೊತೆ ಸಂಖ್ಯೆ ಕೊರೆದ ಲೋಹದ ಬಿಲ್ಲೆ ಕೊಡುತ್ತಾರೆ. ಅದನ್ನು ಡ್ರಾಯರ್‌ನಲ್ಲಿ ಇಡಬೇಡಿ, ಅಂದೇ ಕೊರಳಪಟ್ಟಿಗೆ ಸಿಕ್ಕಿಸಿ. ನಿಮ್ಮ ನಾಯಿಗೆ ಮನೆ ಇನ್ನೂ ಹೊಸದು, ಬಾಗಿಲು ತೆರೆದಾಗ ಹಳೆಯ ಮನೆ ಹುಡುಕಿಕೊಂಡು ಓಡಬಹುದು. ಹಿಡಿದವರು ಆ ಸಂಖ್ಯೆ ಹೇಳಿದರೆ ಪುರಸಭೆಯ ಕಡತದಲ್ಲಿ ನಿಮ್ಮ ವಿಳಾಸ ಸಿಗುತ್ತದೆ.