ನ್ಯೂಟ್ರೋಫಿಲ್ ಕಡಿಮೆ ಇದ್ದಾಗ ಜ್ವರ ಬಂದರೆ

"ಅಕ್ಕನ ಬ್ಲಡ್ ರಿಪೋರ್ಟ್‌ನಲ್ಲಿ ನ್ಯೂಟ್ರೋಫಿಲ್ ಕಡಿಮೆ ಅಂತ ಬಂದಿದೆ. ಯಾಕೆ ಹೀಗಾಗುತ್ತೆ? ಜೊತೆಗೆ ಜ್ವರ ಬಂದರೆ ಯಾವಾಗ ಎಮರ್ಜೆನ್ಸಿ?"

ನಾನು ತುಮಕೂರಿನಲ್ಲಿ ಸ್ಟಾಫ್ ನರ್ಸ್. ಆದರೆ ಇದು ನನಗೆ ಸರಿಯಾಗಿ ಅರ್ಥವಾಗಿದ್ದು ವಾರ್ಡಿನಲ್ಲಿ ಅಲ್ಲ, ನಮ್ಮ ಚಿಕ್ಕಮ್ಮನಿಗೆ ಬಂದಾಗ.

ನ್ಯೂಟ್ರೋಫಿಲ್ ಅಂದರೆ ರೋಗಾಣುಗಳ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಮೊದಲು ರಿಪೋರ್ಟ್ ಕೈಗೆ ತಗೊಳ್ಳಿ. ನ್ಯೂಟ್ರೋಫಿಲ್ ಎದುರಿಗಿರುವ ಪರ್ಸೆಂಟ್ ಒಂದನ್ನೇ ನೋಡಬೇಡಿ. ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ಆ ಪರ್ಸೆಂಟ್‌ನಿಂದ ಗುಣಿಸಿ 100ರಿಂದ ಭಾಗಿಸಿ. ಒಟ್ಟು 3000 ಇದ್ದು ನ್ಯೂಟ್ರೋಫಿಲ್ 40% ಇದ್ದರೆ ನ್ಯೂಟ್ರೋಫಿಲ್ ಕೌಂಟ್ 1200. ಸಾಮಾನ್ಯವಾಗಿ 1500ಕ್ಕಿಂತ ಕೆಳಗೆ ಬಂದರೆ ಕಡಿಮೆ ಅಂತಾರೆ. 500ಕ್ಕಿಂತ ಕೆಳಗೆ ಹೋದರೆ ನಿಜವಾದ ಅಪಾಯ.

1200 ಅಂತ ಬಂದರೆ ಹೆಚ್ಚಾಗಿ ವೈರಲ್ ಜ್ವರವೋ ಡೆಂಗಿಯೋ ಕಾರಣ. ಜ್ವರ ಹೋದಮೇಲೆ ತಾನಾಗೇ ಏರುತ್ತೆ, ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತೆ. ಬಿ12 ಕೊರತೆ, ಲೂಪಸ್‌ನಂಥ ಕಾಯಿಲೆ, ಅಸ್ಥಿಮಜ್ಜೆಯ ತೊಂದರೆ ಇವೂ ಕಾರಣ ಆಗಬಹುದು. ಆದರೆ ಕೌಂಟ್ ಪಾತಾಳಕ್ಕೆ ಇಳಿದಿದೆ ಅಂದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಏನು ಮಾತ್ರೆ ತಗೊಳ್ತಿದ್ದಾರೆ? ಕೀಮೋ ಆಗಿದೆಯಾ? ಕೀಮೋ ಆದ 7ರಿಂದ 14ನೇ ದಿನದ ಒಳಗೆ ಕೌಂಟ್ ತೀರಾ ಕೆಳಗಿರೋದು ಹೆಚ್ಚು.

ಚಿಕ್ಕಮ್ಮ ಮಧುಗಿರಿ ಹತ್ತಿರದ ಹಳ್ಳಿಯವರು. ಥೈರಾಯ್ಡ್ ಜಾಸ್ತಿ ಇದೆ ಅಂತ ಕಾರ್ಬಿಮಜೋಲ್ ಶುರು ಮಾಡಿ ಆರು ವಾರ ಆಗಿತ್ತು. ಈ ಮಾತ್ರೆ ಅಪರೂಪಕ್ಕೆ ಕೆಲವರಲ್ಲಿ ನ್ಯೂಟ್ರೋಫಿಲ್ ತೀರಾ ಇಳಿಸಿಬಿಡುತ್ತೆ. (ಥೈರಾಯ್ಡ್ ಕಡಿಮೆ ಇರೋರು ತಗೊಳ್ಳೋ ಥೈರಾಕ್ಸಿನ್ ಬೇರೆ, ಅದಕ್ಕೆ ಈ ತೊಂದರೆ ಇಲ್ಲ.) ಒಂದು ಸಂಜೆ ಚಳಿ, 102 ಜ್ವರ, ಗಂಟಲು ನೋವು. ಊರಿನ ಕ್ಲಿನಿಕ್‌ನಲ್ಲಿ ಗಂಟಲು ಇನ್ಫೆಕ್ಷನ್ ಅಂತ ಒಂದು ಇಂಜೆಕ್ಷನ್, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಯಾವ ಮಾತ್ರೆ ನಡೀತಿದೆ ಅಂತ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಜ್ವರ ಇಳಿಯಿತು, ಮತ್ತೆ ಏರಿತು, ಹೀಗೇ ಎರಡು ದಿನ ಹೋಯಿತು. ಮೂರನೇ ದಿನ ಮುದ್ದೆ ನುಂಗೋಕೂ ಆಗ್ತಿಲ್ಲ ಅಂತ ನನಗೆ ಫೋನ್ ಬಂತು.

ನಮ್ಮ ಮನೆಗೆ ಕರೆತಂದಾಗ ಟಾರ್ಚ್ ಹಾಕಿ ಬಾಯಿ ನೋಡಿದೆ. ಗಂಟಲು ಕೆಂಪಗೆ, ಎರಡು ಹುಣ್ಣು, ಆದರೆ ಕೀವೇ ಇಲ್ಲ. ಆಗ ನನ್ನ ಎದೆ ಧಸಕ್ ಅಂತು. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ ಅಲ್ವಾ? ಅವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಇದೇ ಕಾರಣಕ್ಕೆ ಇಂಥವರಲ್ಲಿ ಇನ್ಫೆಕ್ಷನ್ ಎಷ್ಟೇ ದೊಡ್ಡದಿದ್ದರೂ ಜ್ವರವೊಂದನ್ನು ಬಿಟ್ಟು ಬೇರೆ ಗುರುತು ಕಾಣದೇ ಇರಬಹುದು. ಕ್ಯಾಶುವಾಲ್ಟಿಯಲ್ಲಿ ರಕ್ತ ತೆಗೆದರು: ಒಟ್ಟು 1100, ನ್ಯೂಟ್ರೋಫಿಲ್ 4%. ಲೆಕ್ಕ ಹಾಕಿದರೆ 44.

ರಿಪೋರ್ಟ್ ಬರೋವರೆಗೂ ಅಲ್ಲಿ ಕಾಯಲಿಲ್ಲ, ಅದೇ ಅವರನ್ನು ಉಳಿಸಿದ್ದು ಅಂತ ಇವತ್ತಿಗೂ ನಂಬಿದ್ದೇನೆ. ಯಾವ ರೋಗಾಣು ಅಂತ ನೋಡೋ ಕಲ್ಚರ್ ಟೆಸ್ಟ್‌ಗೆ ರಕ್ತ ತೆಗೆದ ತಕ್ಷಣ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಅನ್ನೋ ಆಂಟಿಬಯೋಟಿಕ್ ನರಕ್ಕೆ ಶುರುವಾಯಿತು. ಬಂದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು ಅನ್ನೋದು ನಿಯಮ. ಕಾರ್ಬಿಮಜೋಲ್ ಅವತ್ತೇ ನಿಂತಿತು. ಕೌಂಟ್ ಏರಿಸುವ ಇಂಜೆಕ್ಷನ್ನೂ ಕೊಟ್ಟರು. ಎಂಟನೇ ದಿನ ಕೌಂಟ್ 1000 ದಾಟಿತು. ಆ ಮಾತ್ರೆ ಅವರಿಗೆ ಇನ್ನು ಜನ್ಮದಲ್ಲಿ ಕೊಡೋ ಹಾಗಿಲ್ಲ.

ಈಗ ನಿಮ್ಮ ಅಕ್ಕನ ವಿಷಯ. ಕೌಂಟ್ 500ಕ್ಕಿಂತ ಕಡಿಮೆ, ಅಥವಾ ಇನ್ನೆರಡು ದಿನದಲ್ಲಿ ಅಲ್ಲಿಗೆ ಇಳಿಯೋ ಹಾಗಿದ್ದರೆ, ಬಾಯಲ್ಲಿ ನೋಡಿದ ಜ್ವರ ಒಂದು ಸಲ 101 ಬಂದರೂ ಸಾಕು, ಅಥವಾ 100.4 ಒಂದು ಗಂಟೆ ನಿಂತರೂ ಸಾಕು, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಕೀಮೋ ಅಥವಾ ಕಾರ್ಬಿಮಜೋಲ್ ನಡೀತಿದ್ದು ಕೌಂಟ್ ಗೊತ್ತಿಲ್ಲದಿದ್ದರೂ ಹೀಗೇ ಮಾಡಿ. ಬೆಳಿಗ್ಗೆವರೆಗೆ ನೋಡೋಣ ಅಂತ ಪ್ಯಾರಾಸಿಟಮಾಲ್ ನುಂಗಿಸಬೇಡಿ, ಅದು ಥರ್ಮಾಮೀಟರ್ ಇಳಿಸುತ್ತೆ, ಇನ್ಫೆಕ್ಷನ್ ಇಳಿಸಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡೋದಾಗಲಿ, ಅಲ್ಲಿ ಮಾತ್ರೆ ಇಡೋದಾಗಲಿ ಬೇಡ, ಸಣ್ಣ ಗಾಯವಾದರೂ ಅಲ್ಲಿಂದ ರೋಗಾಣು ರಕ್ತಕ್ಕೆ ಸೇರುತ್ತೆ. ಮೈ ನಡುಗೋದು, ಉಸಿರು ಜೋರಾಗೋದು, ಮಾತು ತಡವರಿಸೋದು, ಕೈಕಾಲು ತಣ್ಣಗಾಗೋದು ಕಂಡರೆ ಜ್ವರ ಎಷ್ಟಿದೆ ಅಂತಲೂ ನೋಡಬೇಡಿ, ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತಗೊಳ್ಳೋರಲ್ಲಿ ಜ್ವರವೇ ಬರದೆ ಹೀಗಾಗಬಹುದು.

ಕ್ಯಾಶುವಾಲ್ಟಿಯಲ್ಲಿ ಸುಮ್ನೆ "ಜ್ವರ" ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. "ನ್ಯೂಟ್ರೋಫಿಲ್ ಕಡಿಮೆ ಇದೆ, ಜ್ವರ ಬಂದಿದೆ" ಅಂತ ಮೊದಲ ಮಾತಲ್ಲೇ ಹೇಳಿ, ರಿಪೋರ್ಟನ್ನೂ ಮಾತ್ರೆ ಸ್ಟ್ರಿಪ್‌ಗಳನ್ನೂ ಕೈಗೆ ಕೊಡಿ.