ಡಿವಿಡೆಂಡ್ ಸೇರಿಸಿದ್ರ ಲಾಭ ಎಷ್ಟು?

“200 ರೂಪಾಯಿಗೆ ತಗೊಂಡ 100 ಶೇರು ಹತ್ತು ವರ್ಷಕ್ಕ 400 ಆಗೈತ್ರಿ. ವರ್ಷಕ್ಕ 7 ಪರ್ಸೆಂಟ್ ಅಷ್ಟೇ ಅಂತಾರ. ಡಿವಿಡೆಂಡ್ ಹೆಂಗ ಹಿಡೀಬೇಕು? — ಗಂಗಾವತಿಯಿಂದ”

ಅವರು ಹೇಳಿದ್ದು ಬರೀ ಬೆಲೆಯ ಲೆಕ್ಕರಿ, ವರ್ಷಕ್ಕ 7.2%. ಸಿಂಧನೂರು ಕಡೆ ಹೊಲದ ರೇಟು ಮಾತ್ರ ನೋಡಿ, ಲೀಸಿನ ರೊಕ್ಕ ಮರೆತಂಗ.

ಲೆಕ್ಕ ಸುಲಭ ಆಗ್ಲಿ ಅಂತ, ಪ್ರತಿ ವರ್ಷ ಆಗಿನ ಬೆಲೆಯ 4% ಡಿವಿಡೆಂಡ್ ಬಂತು, ಅದರಾಗ ಅದೇ ಶೇರು ಕೊಂಡ್ರಿ ಅಂತ ಇಟ್ಕೊಳ್ರಿ. ಶೇರಿನ ಸಂಖ್ಯೆ ವರ್ಷಕ್ಕ 1.04 ಪಟ್ಟು ಬೆಳೀತದ. ಹತ್ತು ವರ್ಷಕ್ಕ 100 ಇದ್ದದ್ದು 148 ಆಗ್ತದ. 400ರಂತೆ 59,200 ರೂಪಾಯಿ. ಹಾಕಿದ್ದು 20,000, ಅಂದ್ರ 2.96 ಪಟ್ಟು, ವರ್ಷಕ್ಕ ಸುಮಾರು 11.5%.

ಬಹಳ ಮಂದಿ ತಪ್ಪೋದು ಕೊಂಡ ಬೆಲೆ 200ರ ಮೇಲೆ 4% ಹಿಡಿದು. ಪ್ರತಿ ಸಲ ಡಿವಿಡೆಂಡ್ ಬಂದ ದಿನದ ಬೆಲೆಗೆ ಎಷ್ಟು ಶೇರು ಸಿಗ್ತಿತ್ತು ಅನ್ನೋದೇ ಮುಖ್ಯ. ಯಾಹೂ ಫೈನಾನ್ಸ್‌ನಾಗ `Adj Close` ನೋಡ್ರಿ, ಅದು ಡಿವಿಡೆಂಡ್ ಲೆಕ್ಕ ಹಿಡಿದು ಹಳೆ ಬೆಲೆಯನ್ನ ಇಳಿಸಿ ತೋರಿಸೋ ಕಾಲಂ. ಈ ಉದಾಹರಣೆಗೆ ಹತ್ತು ವರ್ಷದ ಹಿಂದಿನ ಬೆಲೆ 200ರ ಬದಲು ಸುಮಾರು 135 ತೋರಿಸ್ತದ. 400ನ್ನ ಅದರಿಂದ ಭಾಗಿಸಿದ್ರ ಅದೇ 2.96 ಪಟ್ಟು. ಸ್ಪ್ಲಿಟ್ ಆಗಿದ್ರ ಅದೂ ಅದರಾಗ ಸರಿಯಾಗಿರ್ತದ.

ಇದು ತೆರಿಗೆ ಇಲ್ಲದ ಲೆಕ್ಕ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೇ ಸೇರ್ತದ. ಹತ್ತೂ ವರ್ಷ 20% ತೆರಿಗೆ ಹೋದ್ರ 148 ಅಲ್ಲ, 137 ಶೇರು, ಅಂದ್ರ 54,800. ನಮ್ಮಲ್ಲಿ ಡಿವಿಡೆಂಡ್ ಬ್ಯಾಂಕಿಗೆ ಬರ್ತದ, ತಾನಾಗೇ ಶೇರು ಆಗಲ್ಲ. ನೀವು ಖರ್ಚು ಮಾಡಿದ್ರ ಶೇರು 100ರಲ್ಲೇ ನಿಂತಿರ್ತದ, 11.5% ನಿಮ್ಮದಲ್ಲ. ಹಂಗಿದ್ರ ಕೊಂಡ ದಿನದ 20,000 ಮೈನಸ್ ಆಗಿ, ಪಾಸ್‌ಬುಕ್ಕಿನಾಗ ಬಂದ ಡಿವಿಡೆಂಡ್ ಮೊತ್ತ, ಕೊನೆಗೆ 100 ಶೇರಿನ ಇವತ್ತಿನ ಬೆಲೆ 40,000 ಪ್ಲಸ್ ಆಗಿ, ಎಲ್ಲಾ ತಾರೀಖಿನ ಜೊತೆ ಎಕ್ಸೆಲ್‌ಗೆ ಹಾಕಿ `XIRR` ತೆಗೀರಿ, ಅದು ವರ್ಷದ ಲಾಭದ ಪರ್ಸೆಂಟ್ ಕೊಡ್ತದ.