ಸೈಡ್ ಬಿಸಿನೆಸ್‌ನಿಂದ ತಿಂಗಳಿಗೆ ಎಷ್ಟು ಬರಬೇಕು?

"ಕೆಲಸದ ಜೊತೆಗೆ ಸಣ್ಣದೊಂದು ಬಿಸಿನೆಸ್ ಮಾಡ್ತಿದ್ದೀನಿ. ತಿಂಗಳಿಗೆ ಕನಿಷ್ಠ ಎಷ್ಟು ಬಂದ್ರೆ ಇಷ್ಟು ಕಷ್ಟಪಟ್ಟಿದ್ದಕ್ಕೂ ಸಾರ್ಥಕ?"

ಮೊದಲು ಗಂಟೆ ಎಣಿಸಿ, ದುಡ್ಡು ಆಮೇಲೆ. ಗಂಟೆ ಗೊತ್ತಿಲ್ಲದೆ ಯಾರು ಯಾವ ಮೊತ್ತ ಹೇಳಿದರೂ ಅದು ಸುಮ್ನೆ ಊಹೆ.

ನಾನು ಕೆಲಸ ಮುಗಿಸಿ ಬಂದ ಮೇಲೆ ಬಟ್ಟೆ ಬ್ಯಾಗ್ ಹೊಲಿದು ಮಾರುತ್ತೇನೆ. ತಿಂಗಳ ಕೊನೆಗೆ ಕೈಯಲ್ಲಿ ಒಂದಿಷ್ಟು ದುಡ್ಡು ಇರುತ್ತಿತ್ತು, ಹಾಗಾಗಿ ಲಾಭದಲ್ಲೇ ಇದ್ದೀನಿ ಅಂತ ಮೊದಲ ವರ್ಷ ಪೂರ್ತಿ ನಂಬಿದ್ದೆ. ಆಮೇಲೆ ಒಂದು ತಿಂಗಳು ಮೆಷಿನ್ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟು, ಕೂತ ಹೊತ್ತು, ಎದ್ದ ಹೊತ್ತು ಎರಡನ್ನೂ ಬರೆದೆ. ಹೊಲಿದದ್ದು 20 ಗಂಟೆ. ಆದರೆ ಬಟ್ಟೆ ತರೋದು, ಗಿರಾಕಿಗಳ ಮೆಸೇಜಿಗೆ ಉತ್ತರ ಕೊಡೋದು, ಫೋಟೋ ತೆಗೆಯೋದು, ಪ್ಯಾಕ್ ಮಾಡಿ ಕಳಿಸೋದು, ಇಷ್ಟಕ್ಕೇ ಇನ್ನೂ 14 ಗಂಟೆ ಹೋಗಿತ್ತು. ಈ 14 ನನ್ನ ಲೆಕ್ಕದಲ್ಲಿ ಯಾವತ್ತೂ ಇರಲೇ ಇಲ್ಲ.

ಈಗ ನಿಮ್ಮ ಒಂದು ಗಂಟೆಯ ಬೆಲೆ. ಕೈಗೆ ಸಿಗುವ ಸಂಬಳ 40,000 ಅಂತಿಟ್ಟುಕೊಳ್ಳಿ, ಯಾವ ದೇಶದ ದುಡ್ಡಾದರೂ ಲೆಕ್ಕ ಒಂದೇ. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ಕೆಲಸ, ಹೋಗಿಬರೋಕೆ 2 ಗಂಟೆ. ಆ ಓಡಾಟವನ್ನೂ ಸೇರಿಸಲೇಬೇಕು, ಅದೂ ಕೆಲಸಕ್ಕೆ ಕೊಟ್ಟ ಹೊತ್ತೇ ಅಲ್ವಾ. ಒಟ್ಟು 220 ಗಂಟೆ, ಗಂಟೆಗೆ ಸುಮಾರು 182. ಆಫೀಸಿನಲ್ಲಿ ಓವರ್‌ಟೈಮ್ ಸಿಗುತ್ತೆ ಅನ್ನೋರು ಈ 182ರ ಬದಲು ತೆರಿಗೆ ಕಳೆದು ಕೈಗೆ ಸಿಗುವ ಓವರ್‌ಟೈಮಿನ ದರವನ್ನೇ ಇಟ್ಟುಕೊಳ್ಳಿ, ಯಾಕಂದ್ರೆ ಆ ಹೊತ್ತನ್ನು ನೀವು ನಿಜವಾಗಿ ಮಾರಬಹುದಾದ ಬೆಲೆ ಅದು.

ನನ್ನ ಆ 20 ಮತ್ತು 14 ಸೇರಿ 34 ಗಂಟೆಗೆ 182ರಂತೆ 6,188. ಇದು ಕೈಗೆ ಉಳಿಯಬೇಕಾದ ದುಡ್ಡು, ಬರಬೇಕಾದ ದುಡ್ಡು ಇನ್ನೂ ಜಾಸ್ತಿ. ಹೆಚ್ಚಿನ ಕಡೆ ಸೈಡ್ ಆದಾಯ ಸಂಬಳದ ಮೇಲೆ ಕೂರುತ್ತೆ, ಅದಕ್ಕೇ ಅದರ ಮೇಲೆ ಬೀಳೋದು ನಿಮ್ಮ ಸಂಬಳದ ಕೊನೆಯ ಭಾಗಕ್ಕೆ ಬೀಳುವ ತೆರಿಗೆ ದರ. ಅದು ಶೇಕಡಾ 20 ಆದರೆ 6,188ನ್ನು 0.8ರಿಂದ ಭಾಗಿಸಿ, 7,735 ಬರುತ್ತೆ. ಇನ್ನು ಮೆಷಿನ್ 24,000, ನಾಲ್ಕು ವರ್ಷ ಬಾಳುತ್ತೆ ಅಂದರೆ ತಿಂಗಳಿಗೆ 500. ಕರೆಂಟು, ರಿಪೇರಿ, ಇಂಟರ್ನೆಟ್ಟು ಎಲ್ಲ ಸೇರಿ 800. ಅಲ್ಲಿಗೆ 9,035. ಕಚ್ಚಾ ಸಾಮಾನು ಮತ್ತು ಕಳಿಸುವ ಖರ್ಚು ಕಳೆದ ಮೇಲೆ ತಿಂಗಳಿಗೆ ಇಷ್ಟು ಉಳಿಯಬೇಕು.

ಉಳಿಯುತ್ತಿದ್ದದ್ದು? ಬ್ಯಾಗಿಗೆ 300, ಬಟ್ಟೆ-ಝಿಪ್‌ಗೆ 140, ಕಳಿಸೋಕೆ 40, ಮಿಕ್ಕಿದ್ದು 120. 40 ಬ್ಯಾಗಿಗೆ 4,800. ಮೆಷಿನ್ನು, ಕರೆಂಟು ಎಲ್ಲ ಸೇರಿ 1,300 ಕಳೆದರೆ 3,500, ತೆರಿಗೆಯೂ ಹೋದರೆ 2,800, ಅಂದರೆ ಗಂಟೆಗೆ 82. ಕೆಲಸದ ದರದ ಅರ್ಧಕ್ಕಿಂತ ಕಡಿಮೆ. ಆ ರಾತ್ರಿ ನನಗೆ ನಿಜಕ್ಕೂ ಬೇಜಾರಾಯ್ತು.

ಇಲ್ಲಿ ಹೆಚ್ಚಿನವರು ಮಾಡೋದು ಇನ್ನೂ ಜಾಸ್ತಿ ಹೊಲಿಯೋದು, ನಾನೂ ಅದನ್ನೇ ಮಾಡೋಕೆ ಹೊರಟಿದ್ದೆ. ಆದರೆ ಬ್ಯಾಗ್ ಜಾಸ್ತಿಯಾದ ಹಾಗೆ ಗಂಟೆಯೂ ಜಾಸ್ತಿಯಾಗುತ್ತೆ, ಗುರಿಯೂ ಮೇಲಕ್ಕೆ ಹೋಗುತ್ತೆ, ಹಿಡಿಯೋಕೆ ಆಗಲ್ಲ. ಬದಲಾಗಬೇಕಾದದ್ದು ಒಂದೊಂದು ಬ್ಯಾಗಲ್ಲಿ ಉಳಿಯುವ ದುಡ್ಡು. ನಾನು ಬೆಲೆಯನ್ನು 420 ಮಾಡಿದೆ. ಆರ್ಡರ್ 40ರಿಂದ 30ಕ್ಕೆ ಇಳಿಯಿತು, ಹೆದರಿದೆ. ಆದರೆ ಗಂಟೆಯೂ 25ಕ್ಕೆ ಇಳಿಯಿತು. ಬ್ಯಾಗಿಗೆ 240ರಂತೆ 7,200, ಖರ್ಚು 1,300 ಹೋಗಿ 5,900, ತೆರಿಗೆ ಹೋಗಿ 4,720. ಗಂಟೆಗೆ 189 ಹತ್ತಿರ. ಅಂತೂ ಸಂಬಳದ ದರ ದಾಟಿತು, ವಾರಕ್ಕೆ ಎರಡು ಸಂಜೆಯೂ ಉಳಿಯಿತು.

ಎರಡು ವಿಷಯ ನೆನಪಿರಲಿ. ಒಂದೇ ಒಂದು ಒಳ್ಳೆ ತಿಂಗಳು ನೋಡಿ ತೀರ್ಮಾನ ಮಾಡಬೇಡಿ, ಆರು ತಿಂಗಳ ಸರಾಸರಿ ತೆಗೆಯಿರಿ, ಬರೀ ಮಾರಾಟದ್ದಲ್ಲ, ಗಂಟೆಯದ್ದೂ. ಇನ್ನೊಂದು, ಮಾರಾಟವಾಗದೆ ಕಪಾಟಿನಲ್ಲಿ ಕೂತ ಸರಕಿಗೆ ಹಾಕಿದ ದುಡ್ಡನ್ನು ಲಾಭ ಅಂತ ಎಣಿಸಬೇಡಿ.

ಬೇರೆ ಕೆಲಸವೇ ಇಲ್ಲ, ಈ ಹೊತ್ತನ್ನು ಕೊಳ್ಳುವವರು ಯಾರೂ ಇಲ್ಲ ಅನ್ನೋರಿಗೆ 182 ಅನ್ವಯಿಸಲ್ಲ, ಅವರಿಗೆ ಖರ್ಚು ಕಳೆದು ಉಳಿದದ್ದೆಲ್ಲ ಲಾಭವೇ. ಮುಂದೆ ಕೆಲಸ ಬಿಟ್ಟು ಇದನ್ನೇ ಮಾಡಬೇಕು ಅಂತಿದ್ದರೆ ಸ್ವಲ್ಪ ಕಾಲ ಕಡಿಮೆ ದರಕ್ಕೂ ದುಡಿಯಬಹುದು, ಆದರೆ ಎಷ್ಟು ತಿಂಗಳು ಅನ್ನೋದನ್ನು ಇವತ್ತೇ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.